ಮೂರು ಅಂಕಿ ಕೇಳಿ ಒಂದು ಹೇಳುವ ಪರ್ಟ್ ಲೆಕ್ಕ: ನಂಬಬಹುದೇ?

ಕಲಬುರಗಿ ಊರ ಹೊರಗೆ ಅಕ್ಟೋಬರ್ 15ಕ್ಕೆ ಒಂದು ದಾಲ್ ಮಿಲ್‌ಗೆ ಪಾಯ ತೆಗೆದರು. ಡಿಸೆಂಬರ್ ಕೊನೆಗೆ ಹೊಸ ತೊಗರಿ ಗಂಜ್‌ಗೆ ಬರತೊಡಗುತ್ತದೆ. ಅಷ್ಟರೊಳಗೆ ಕೈಯಲ್ಲಿ ಒಂದಿಷ್ಟು ದಿನ ಉಳಿಯಬೇಕು, ಅಂದರೆ 60 ದಿನದಲ್ಲಿ ಮಿಲ್ ತಿರುಗಬೇಕು. ಆ ಕೆಲಸದ ವೇಳಾಪಟ್ಟಿ ಹಾಕಿದ ಎಂಜಿನಿಯರ್ ಮತ್ತು ಮಿಲ್‌ನ ಹಣದ ಲೆಕ್ಕ ನೋಡುವ ಮಾಲೀಕರ ಮಗಳು, ಇಬ್ಬರೂ ಅದೇ ಕೆಲಸವನ್ನು ಎದುರಿಗಿಟ್ಟುಕೊಂಡು, ಒಂದು ಕೆಲಸಕ್ಕೆ ಮೂರು ಅವಧಿ ಕೇಳಿ ಒಂದು ಅಂದಾಜು ತೆಗೆಯುವ ಪರ್ಟ್ ಪದ್ಧತಿಯ ಬಗ್ಗೆ ಬರೆದಿದ್ದಾರೆ.

ಪರ: ಮೂರು ಕೇಳದಿದ್ದರೆ ಮಳೆಯ ಮಾತೇ ಹೊರಗೆ ಬರುತ್ತಿರಲಿಲ್ಲ

ಪಾಯ, ನೆಲ ಎಲ್ಲ ಸೇರಿ ಎಷ್ಟು ದಿನ ಹಿಡಿತದ ಅಂತ ಗೌಂಡಿಯನ್ನು ಕೇಳಿದೆ. "ಇಪ್ಪತ್ನಾಲ್ಕು ದಿನದಾಗ ಮುಗಿಸಿ ಕೊಡ್ತೀನ್ರಿ ಸಾಹೇಬ್ರ" ಅಂದ. ಯಾವ ಗೌಂಡಿಯೂ ಸಾವಕಾರರ ಎದುರು ನಿಂತು ಇದಕ್ಕಿಂತ ಹೆಚ್ಚು ಹೇಳುವುದಿಲ್ಲ. ಸಾವಕಾರರು ಆ ಕಡೆ ಹೋದ ಮೇಲೆ ಮತ್ತೆ ಕೇಳಿದೆ. ಎಲ್ಲಾ ಸುಸೂತ್ರ ಆದ್ರ? "ಹದಿನೆಂಟು." ಎಲ್ಲಾ ಕೆಟ್ರ? ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದ. "ಮಳಿ ಬಂದ್ರ ಈ ಎರಿ ಮಣ್ಣಾಗ ಕಾಲಿಡ್ಲಕ್ ಆಗಲ್ರಿ. ದೀಪಾವಳಿಗಿ ಮಂದಿ ಊರಿಗಿ ಹೋದ್ರ ತಿರುಗಿ ಬರೋದು ಅವರ ಮನಸ್ಸು. ನಲವತ್ತೆರಡು ಅಂತ ಹಿಡೀರಿ."

ನನಗೆ ಬೇಕಾಗಿದ್ದದ್ದು ಆ ಕೊನೆಯ ಉತ್ತರ. 24ರಿಂದ ಒಳ್ಳೆಯ ಕಡೆಗೆ ಆರೇ ದಿನ, ಕೆಟ್ಟ ಕಡೆಗೆ ಹದಿನೆಂಟು. ಕಟ್ಟಡದ ಕೆಲಸದ ಸ್ವಭಾವವೇ ಇದು: ಎಷ್ಟು ಕೈ ಹಚ್ಚಿದರೂ ಕಾಂಕ್ರೀಟು ಗಟ್ಟಿಯಾಗುವುದಕ್ಕೆ ಅದರ ದಿನ ಬೇಕೇ ಬೇಕು, ಆದರೆ ತಡವಾಗುವುದಕ್ಕೆ ಹಾಗೆ ಒಂದು ಗಡಿ ಇಲ್ಲ. ಒಂದೇ ಅಂಕಿಯಲ್ಲಿ ಈ ಓರೆ ಕಾಣುವುದಿಲ್ಲ. ಪರ್ಟ್ ಅದನ್ನು ಲೆಕ್ಕಕ್ಕೆ ತರುತ್ತದೆ. ಆಶಾವಾದಿ ಅವಧಿ a, ಹೆಚ್ಚು ಸಂಭವನೀಯ ಅವಧಿ m, ನಿರಾಶಾವಾದಿ ಅವಧಿ b ಎಂದಿಟ್ಟುಕೊಂಡರೆ, ಅಂದಾಜು ಅವಧಿ te ಮತ್ತು ಅದು ಎಷ್ಟು ಹಿಂದೆ ಮುಂದೆ ಆಗಬಹುದು ಎಂಬುದರ ಅಳತೆ σ ಹೀಗೆ ಬರುತ್ತವೆ:

```
te = (a + 4m + b) / 6
σ  = (b - a) / 6
```

ನಾಲ್ಕು ಯಾಕೆ, ಆರು ಯಾಕೆ ಅಂತ ಮೊದಲ ಸಲ ನೋಡಿದವರೆಲ್ಲ ಕೇಳುತ್ತಾರೆ. ಹೀಗೆ ಬಿಡಿಸಿ ನೋಡಿ. ಮೊದಲು ಎರಡು ತುದಿಗಳ ನಡುವಿನ ಬಿಂದು ತೆಗೆಯಿರಿ: 18 ಮತ್ತು 42ರ ನಡುವೆ 30. ಆಮೇಲೆ 24ಕ್ಕೆ ಎರಡು ಪಾಲು, 30ಕ್ಕೆ ಒಂದು ಪಾಲು ಕೊಡಿ. 24, 24, 30 ಕೂಡಿಸಿ ಮೂರರಿಂದ ಭಾಗಿಸಿದರೆ 26. ಸೂತ್ರ ಮಾಡುವುದು ಇಷ್ಟೇ. ಗೌಂಡಿಯ ಮಾತಿಗೆ ಮೂರರಲ್ಲಿ ಎರಡು ಪಾಲು ಮರ್ಯಾದೆ, ಉಳಿದ ಒಂದು ಪಾಲು ಮಳೆಗೂ ಅದೃಷ್ಟಕ್ಕೂ ಸಮನಾಗಿ. ಕೆಟ್ಟ ತುದಿ ದೂರ ಇದ್ದಷ್ಟೂ ಅಂದಾಜು ಆ ಕಡೆ ಜಗ್ಗುತ್ತದೆ.

ಕಬ್ಬಿಣದ ಶೆಡ್‌ಗೆ 10, 14, 24 ದಿನ ಸಿಕ್ಕಿತು. ಲೆಕ್ಕ ಹಾಕಿದರೆ 15. ಮಷೀನ್ ಕೂರಿಸುವುದಕ್ಕೆ 8, 10, 18, ಲೆಕ್ಕ 11. ಒಂದರ ನಂತರ ಒಂದು ಆಗುವ ಕೆಲಸಗಳಿವು. ಜನ ಬಾಯಲ್ಲಿ ಹೇಳಿದ್ದನ್ನು ಕೂಡಿಸಿದರೆ 48 ದಿನ, ಪರ್ಟ್ ಪ್ರಕಾರ 52. ನಾಲ್ಕು ದಿನದ ಈ ವ್ಯತ್ಯಾಸವನ್ನು ನಾನು ತಲೆಯಿಂದ ಸೇರಿಸಿದ್ದರೆ ಸಾವಕಾರರು ಕತ್ತರಿಸುತ್ತಿದ್ದರು. ಕೆಲಸದವರ ಬಾಯಿಂದಲೇ ಬಂದ ಅಂಕಿಯಾದ್ದರಿಂದ ಉಳಿಯಿತು.

ಇನ್ನು ಎರಡನೇ ಸಾಲು. ಕೆಟ್ಟ ಅಂಕಿಗಳನ್ನೆಲ್ಲ ಕೂಡಿಸಿದರೆ 84 ದಿನ. ಅದನ್ನು ಹೇಳಿದರೆ ಯಾರೂ ಮಿಲ್ ಕಟ್ಟುವುದಿಲ್ಲ, ಮೂರೂ ಕೆಲಸ ಒಟ್ಟಿಗೆ ಕೆಡುವುದು ಅಪರೂಪವೂ ಹೌದು. ಅದಕ್ಕೇ ಪರ್ಟ್ ಪ್ರತಿ ಕೆಲಸದ σ ವರ್ಗಗಳನ್ನು ಕೂಡಿಸುತ್ತದೆ. ಇಲ್ಲಿ ಮೂರು σ 4, 2.33, 1.67. ವರ್ಗಗಳ ಮೊತ್ತ ಸುಮಾರು 24.2, ಅದರ ವರ್ಗಮೂಲ 4.9. 52ರಿಂದ 60ಕ್ಕೆ ಇರುವ ಎಂಟು ದಿನ ಅಂದರೆ 1.6 σ ಅಂತರ. ಸಾಧ್ಯತೆ ಹೇಳುವ ನಾರ್ಮಲ್ ಕೋಷ್ಟಕದಲ್ಲಿ ನೋಡಿದರೆ 60 ದಿನದೊಳಗೆ ಮುಗಿಯುವ ಸಾಧ್ಯತೆ ನೂರಕ್ಕೆ ಸುಮಾರು 95. ಸಾವಕಾರರಿಗೆ ಇದನ್ನೇ ಹೇಳಿದೆ.

1958ರಲ್ಲಿ ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿಗಾಗಿ ಈ ಪದ್ಧತಿ ಕಟ್ಟಿದಾಗ ಅವರ ಮುಂದೆ ಇದ್ದದ್ದು ಹಿಂದೆ ಯಾರೂ ಮಾಡದ ಕೆಲಸ. ಹಳೆಯ ದಾಖಲೆ ನೋಡಿ ದಿನ ಹೇಳುವಂತಿರಲಿಲ್ಲ. ಬಲ್ಲವರ ಅಂದಾಜೇ ಗತಿ. ನಮ್ಮ ಬಹುತೇಕ ಸೈಟುಗಳ ಗತಿಯೂ ಅದೇ, ಹಿಂದಿನ ಕೆಲಸ ಎಷ್ಟು ದಿನ ಹಿಡಿಯಿತೆಂದು ಯಾರೂ ಬರೆದಿಟ್ಟಿರುವುದಿಲ್ಲ.

ಅಂಕಿ ಕೆಟ್ಟಿದ್ದರೆ ಸೂತ್ರ ಏನೂ ಮಾಡಲಾರದು, ನಿಜ. ಆದರೆ ಕೆಟ್ಟ ಅಂಕಿಯನ್ನು ಗುರುತಿಸಬಹುದು. ಒಬ್ಬನೇ ಮನುಷ್ಯ ಎಲ್ಲ ಕೆಲಸಕ್ಕೂ 8-10-12, 18-20-22 ಅಂತ ಎರಡೂ ಕಡೆ ಸಮ ಬಿಟ್ಟು ಹೇಳುತ್ತಿದ್ದರೆ ಅವನು ಯೋಚಿಸಿಲ್ಲ, ಎರಡು ಕಳೆದು ಎರಡು ಕೂಡಿಸಿದ್ದಾನೆ ಅಷ್ಟೇ. ಅಂಥವನನ್ನು ಮತ್ತೆ ಕೂರಿಸಿ, ಮೊದಲು ಕೆಟ್ಟದ್ದನ್ನೇ ಕೇಳಬೇಕು, ಯಾಕೆ ಕೆಡುತ್ತದೆ ಎಂಬ ಕಾರಣದ ಸಮೇತ.

ವಿರೋಧ: ಆ 95 ಎಲ್ಲಿಂದ ಬಂತು?

ಎಂಜಿನಿಯರ್ ಸಾಹೇಬರ ಬಗ್ಗೆ ನನಗೆ ಗೌರವವಿದೆ. ಗೌಂಡಿಯ ಹತ್ತಿರ ಮೂರು ಸಲ ಕೇಳಿದ್ದರ ಬಗ್ಗೆಯೂ ತಕರಾರಿಲ್ಲ. ನನ್ನ ತಕರಾರು ಕೇಳಿದ ಮೇಲೆ ಮಾಡಿದ ಲೆಕ್ಕದ್ದು. ಯಾಕೆಂದರೆ ಅಪ್ಪ ಆ ಮೂರು ಅಂಕಿ ನೆನಪಿಟ್ಟುಕೊಳ್ಳಲಿಲ್ಲ, "ನೂರಕ್ಕೆ ತೊಂಬತ್ತೈದು" ಅನ್ನುವುದನ್ನಷ್ಟೇ ನೆನಪಿಟ್ಟುಕೊಂಡು ಗಂಜ್‌ನಲ್ಲಿ ಅಡತಿಯವರಿಗೆ ಮಾತು ಕೊಟ್ಟು ಬಂದರು.

ಸಾಹೇಬರು ಬರೆಯದೆ ಬಿಟ್ಟ ಒಂದು ಕೆಲಸವಿದೆ: ಕರೆಂಟು. ಅರ್ಜಿ, ಕಂಬ, ಟ್ರಾನ್ಸ್‌ಫಾರ್ಮರ್, ತಪಾಸಣೆ, ಇದೆಲ್ಲ ಪಾಯದ ದಿನವೇ ಬೇರೆ ದಾರಿಯಲ್ಲಿ ಶುರುವಾಯಿತು. ಅದಕ್ಕೆ ಅವರು ಪಡೆದ ಅಂಕಿ 25, 45, 95. ಸೂತ್ರಕ್ಕೆ ಹಾಕಿದರೆ 50 ದಿನ, σ 11.7. ಪರ್ಟ್‌ನಲ್ಲಿ ಅತಿ ಉದ್ದದ ದಾರಿಗೆ ಕ್ರಿಟಿಕಲ್ ಪಾತ್ ಎನ್ನುತ್ತಾರೆ, ಮುಗಿಯುವ ದಿನ ಹೇಳುವುದು ಅದರ ಮೇಲೆಯೇ. 50 ಎನ್ನುವುದು 52ಕ್ಕಿಂತ ಕಡಿಮೆ. ಹಾಗಾಗಿ ಕರೆಂಟಿನ ದಾರಿ ಲೆಕ್ಕದಿಂದ ಹೊರಗೆ ಬಿತ್ತು. ಅವರು ಮುಚ್ಚಿಟ್ಟರು ಅಂತ ಹೇಳುತ್ತಿಲ್ಲ, ಪುಸ್ತಕದ ಕ್ರಮವೇ ಹಾಗಿದೆ.

ಆದರೆ ಮಿಲ್ ತಿರುಗಲು ಮಷೀನೂ ಬೇಕು, ಕರೆಂಟೂ ಬೇಕು. ಮಷೀನ್ 60 ದಿನದೊಳಗೆ ಸಿದ್ಧವಾಗುವ ಸಾಧ್ಯತೆ ನೂರಕ್ಕೆ 95, ಒಪ್ಪೋಣ. ಕರೆಂಟಿನ ಕಡೆ 50ರಿಂದ 60ಕ್ಕೆ ಹತ್ತು ದಿನ, ಅಂದರೆ 0.86 σ, ಅಂದರೆ ನೂರಕ್ಕೆ ಸುಮಾರು 80. ಎರಡೂ ಒಟ್ಟಿಗೆ ಆಗಬೇಕೆಂದರೆ 0.95 ಮತ್ತು 0.80 ಗುಣಿಸಬೇಕು: ನೂರಕ್ಕೆ 76. ಅವರದೇ ಅಂಕಿ, ಅವರದೇ ಸೂತ್ರ. ತಪ್ಪುವ ಸಾಧ್ಯತೆ ಇಪ್ಪತ್ತಕ್ಕೆ ಒಂದಲ್ಲ, ನಾಲ್ಕಕ್ಕೆ ಒಂದು. ಸರಾಸರಿ ದಿನವೂ 52 ಅಲ್ಲ. ಎರಡು ದಾರಿಗಳಲ್ಲಿ ಪ್ರತಿ ಸಲ ತಡವಾದದ್ದನ್ನೇ ಕಾಯಬೇಕಾದ್ದರಿಂದ ಅದು 56ರ ಹತ್ತಿರ ಹೋಗುತ್ತದೆ. ಇಬ್ಬರು ಗೆಳೆಯರಿಗಾಗಿ ಬಸ್ ಸ್ಟ್ಯಾಂಡಿನಲ್ಲಿ ಕಾಯುವವರಿಗೆ ಇದು ಗೊತ್ತು. ಈ ದೋಷ ಹೊಸದೇನಲ್ಲ. 1964ರಲ್ಲೇ ಮ್ಯಾಕ್‌ಕ್ರಿಮನ್ ಮತ್ತು ರ್‍ಯಾವೆಕ್ ಪರ್ಟ್‌ನ ಊಹೆಗಳನ್ನು ಒಂದೊಂದಾಗಿ ಪರೀಕ್ಷಿಸಿ, ದಾರಿಗಳು ಕೂಡುವಲ್ಲಿ ಪರ್ಟ್ ಕಡಿಮೆ ದಿನ ಹೇಳುತ್ತದೆ ಎಂದು ತೋರಿಸಿದ್ದರು. ದಾರಿಗಳ ಉದ್ದ ಹತ್ತಿರ ಹತ್ತಿರ ಇದ್ದಷ್ಟೂ ತಪ್ಪು ದೊಡ್ಡದು. ನಮ್ಮಲ್ಲಿ ಅಂತರ ಎರಡೇ ದಿನ.

ಮಷೀನಿನ ದಾರಿಯ 95 ಕೂಡ ನಾನು ವಾದಕ್ಕಾಗಿ ಒಪ್ಪಿದ್ದು. σ ವರ್ಗ ಕೂಡಿಸುವುದು ಸರಿಯಾಗುವುದು ಒಂದು ಕೆಲಸದ ತಡಕ್ಕೂ ಇನ್ನೊಂದರ ತಡಕ್ಕೂ ಸಂಬಂಧವಿಲ್ಲದಿದ್ದಾಗ. ಅಕ್ಟೋಬರ್‌ನಲ್ಲಿ ಮಳೆ ಹಿಡಿದರೆ ಪಾಯ ನಿಲ್ಲುತ್ತದೆ, ಶೆಡ್‌ನ ಕಬ್ಬಿಣ ಹೊತ್ತ ಲಾರಿ ಎರೆ ಮಣ್ಣಿನಲ್ಲಿ ಹೂಳುತ್ತದೆ, ಕಂಬ ನೆಡುವವರೂ ಬರುವುದಿಲ್ಲ. ಒಂದೇ ಗೌಂಡಿಯ ಮಂದಿ ಹಬ್ಬಕ್ಕೆ ಹೋದರೆ ಎಲ್ಲ ಕೆಲಸವೂ ಕುಂಟುತ್ತದೆ. ಮೂರೂ ಕೆಲಸ ಪೂರ್ತಿ ಒಟ್ಟಿಗೆ ಏರಿಳಿಯುತ್ತವೆ ಎಂದಿಟ್ಟುಕೊಂಡರೆ σ ನೇರವಾಗಿ ಕೂಡುತ್ತವೆ: 4, 2.33, 1.67 ಸೇರಿ 8. ಆಗ ಎಂಟು ದಿನದ ಅಂತರ ಒಂದೇ σ, ಸಾಧ್ಯತೆ 84. ನಿಜ ಈ ಎರಡರ ನಡುವೆ ಎಲ್ಲೋ ಇದೆ, ಪರ್ಟ್ ಮಾತ್ರ ಯಾವಾಗಲೂ ಸಿಹಿ ತುದಿಯನ್ನೇ ಹೇಳುತ್ತದೆ.

ಇನ್ನು ಆ ಆರು. σ ಅಂದರೆ ವ್ಯಾಪ್ತಿಯ ಆರನೇ ಒಂದು ಎಂಬುದು ಯಾವ ಸೈಟಿನಲ್ಲೂ ಅಳೆದದ್ದಲ್ಲ. ಪೊಲಾರಿಸ್ ತಂಡದವರೇ ಆದ ಚಾರ್ಲ್ಸ್ ಕ್ಲಾರ್ಕ್ 1962ರಲ್ಲಿ ಬರೆದ ಟಿಪ್ಪಣಿಯಲ್ಲಿ, ಈ ಸೂತ್ರಗಳ ಹಿಂದಿರುವ ಬೀಟಾ ವಿತರಣೆಯನ್ನು ಆರಿಸಿದ್ದು ಅನುಭವದ ಅಂಕಿಯಿಂದಲ್ಲ, ಲೆಕ್ಕದ ಅನುಕೂಲಕ್ಕಾಗಿ ಎಂಬುದು ಸ್ಪಷ್ಟವಾಗಿದೆ. ಗೌಂಡಿಯ 18 ಮತ್ತು 42 ನಿಜವಾಗಿಯೂ ಕಟ್ಟಕಡೆಯ ತುದಿಗಳಾದರೆ ಆರು ನಡೆದೀತು. ಆದರೆ "ಎಲ್ಲಾ ಕೆಟ್ರ" ಅಂತ ಕೇಳಿದಾಗ ಮನುಷ್ಯ ತಾನು ಕಂಡ ಕೆಟ್ಟದ್ದನ್ನು ಹೇಳುತ್ತಾನೆ, ಕಾಣದ್ದನ್ನು ಹೇಳಲಾರ. ಹತ್ತು ಸಲದಲ್ಲಿ ಒಂದು ಸಲ 42 ದಾಟುತ್ತದೆ, ಹಾಗೇ ಒಂದು ಸಲ 18ಕ್ಕಿಂತ ಮೊದಲೇ ಮುಗಿಯುತ್ತದೆ ಅನ್ನಿ. ಆಗ ಭಾಗಿಸಬೇಕಾದದ್ದು ಆರರಿಂದಲ್ಲ, ಸುಮಾರು 2.6ರಿಂದ. σ ನಾಲ್ಕರ ಬದಲು ಒಂಬತ್ತು ದಾಟುತ್ತದೆ. ಗೌಂಡಿಯ ಮನಸ್ಸಿನಲ್ಲಿ ಯಾವ "ಕೆಟ್ಟದ್ದು" ಇತ್ತು ಅಂತ ಸೂತ್ರ ಕೇಳುವುದಿಲ್ಲ.

ನಡೆದದ್ದು ಹೀಗೆ: ಪಾಯ ಮತ್ತು ನೆಲ 31 ದಿನ, ಮಷೀನ್ ಸಿದ್ಧವಾದದ್ದು 55ನೇ ದಿನ, ಕರೆಂಟು ಬಂದದ್ದು 66ನೇ ದಿನ. ಇದರಿಂದ ಸೂತ್ರ ಸುಳ್ಳಾಯಿತು ಅಂತ ನಾನು ಹೇಳಲಾರೆ, 95 ನಿಜವಿದ್ದರೂ ಇಪ್ಪತ್ತರಲ್ಲಿ ಒಂದು ಸಲ ಹೀಗಾಗುತ್ತದೆ. ನನಗೆ ನೋವಾದದ್ದು ಬೇರೆ ಕಾರಣಕ್ಕೆ. 76 ಅಂತ ಮೊದಲೇ ಗೊತ್ತಿದ್ದರೆ ಮಾತು ಕೊಡುವ ಮುಂಚೆ ಇನ್ನೊಂದು ಮಿಲ್‌ನಲ್ಲಿ ಕೂಲಿಗೆ ಬೇಳೆ ಮಾಡಿಸುವ ಮಾತಾಡಿಟ್ಟಿರುತ್ತಿದ್ದೆ. 60ನೇ ದಿನ ಓಡಾಡಿದಾಗ ಎಲ್ಲರ ಮಿಲ್‌ಗಳೂ ತುಂಬಿದ್ದವು.

ದಾಖಲೆ ಇಲ್ಲ ಅಂತ ಸಾಹೇಬರು ಬರೆದಿದ್ದಾರೆ. ಅಪ್ಪನ ಖಾತೆ ಪುಸ್ತಕದಲ್ಲಿ ಕೂಲಿ ಕೊಟ್ಟ ತಾರೀಖುಗಳಿವೆ. ಇದೇ ಗೌಂಡಿ ಒಂದು ಗೋದಾಮಿನ ಪಾಯಕ್ಕೆ 20 ದಿನ ಹೇಳಿ 29 ಹಿಡಿದಿದ್ದ, ಇನ್ನೊಂದಕ್ಕೆ 30 ಹೇಳಿ 41. ಎರಡೇ ಕೆಲಸ, ಬಹಳ ಕಡಿಮೆ. ಆದರೂ ಎರಡರಲ್ಲೂ ಅವನು ಹೇಳಿದ ಒಂದು ದಿನ ಅಂದರೆ ನಿಜದಲ್ಲಿ ಸುಮಾರು 1.4 ದಿನ. ಅವನ 24ನ್ನು 1.4ರಿಂದ ಗುಣಿಸಿದರೆ 34 ಆಗುತ್ತದೆ, ಪರ್ಟ್ ಕೊಟ್ಟದ್ದು 26. ಆ ಎರಡರ ಕೆಳಗೆ ಮೂರನೇ ಸಾಲಿನಲ್ಲಿ ಈಗ ಹೇಳಿದ್ದು 24, ಹಿಡಿದದ್ದು 31 ಅಂತ ಬರೆದಿದ್ದೇನೆ, ಪಕ್ಕದಲ್ಲಿ ಕರೆಂಟಿಗೂ ಒಂದು ಕಾಲಂ ಎಳೆದಿದ್ದೇನೆ, ಅದರಲ್ಲಿ ಸದ್ಯಕ್ಕೆ 45, 66 ಅನ್ನುವ ಒಂದೇ ಸಾಲಿದೆ.