ಬ್ಲೂ ಟಿಕ್ ಬಂದಿರಲಿಲ್ಲ, ಆಂಟಿ ಓದಿಯಾಗಿತ್ತು

40 ಸೆಕೆಂಡ್ ಕೂಡ ಆಗಿರಲಿಲ್ಲ ಕಣ್ರೀ. ಕಳಿಸಿದ್ದು, ಮೇಲಿದ್ದ ಹೆಸರು ನೋಡಿದ್ದು, ಎದೆ ಧಸಕ್ಕಂದಿದ್ದು, ಅಳಿಸಿದ್ದು ಎಲ್ಲಾ ಸೇರಿ. ಎರಡೂ ಟಿಕ್ ಬೂದು ಬಣ್ಣದಲ್ಲೇ ಇದ್ದವು. ಕಣ್ಣಾರೆ ನೋಡಿದ್ದೇನೆ. ಆದರೂ ನಮ್ಮ ಮನೆ ಓನರ್ ಆಂಟಿ ಓದಿದ್ದರು, ಒಂದಕ್ಷರ ಬಿಡದೆ.

ಆ 500 ರೂಪಾಯಿ ಸರಿಯೋ ತಪ್ಪೋ ಅನ್ನೋದು ಆಮೇಲಿನ ಮಾತು. ಈಗ ನನ್ನ ತಲೆಯಲ್ಲಿ ಇರೋದು ಆ ಹುಣಸೆಹಣ್ಣು ಮಾತ್ರ.

ಆಗಿದ್ದು ಇಷ್ಟು. ಬೆಳಿಗ್ಗೆ ಆಂಟಿ ವಾಟ್ಸಾಪ್ ಮಾಡಿದ್ದರು, ಬೋರು ಬತ್ತಿದೆ, ಟ್ಯಾಂಕರ್ ಹಾಕಿಸ್ತಿದ್ದೀನಿ, ಈ ತಿಂಗಳಿಂದ ಮನೆಗೆ 500 ಜಾಸ್ತಿ ಕೊಡಿ ಅಂತ. ಅದನ್ನು ಸ್ಕ್ರೀನ್‌ಶಾಟ್ ತೆಗೆದು ಗೆಳತಿಗೆ ಕಳಿಸೋಣ ಅಂದುಕೊಂಡೆ. ಸ್ಕ್ರೀನ್‌ಶಾಟ್ ತೆಗೆದ ಮೇಲೂ ಫೋನು ಆಂಟಿಯ ಚಾಟ್‌ನಲ್ಲೇ ನಿಂತಿರುತ್ತೆ ಅಲ್ವಾ? ಮೂಲೆಯಲ್ಲಿ ಬಂದ ಚಿಕ್ಕ ಚಿತ್ರ ಒತ್ತಿ ಅವಳಿಗೆ ಹಂಚಿದೆ. ವಾಪಸ್ ಬಂದೆ. ಎಲ್ಲಿಗೆ ಬಂದೆ ಅಂತ ನೋಡಲಿಲ್ಲ. ಸಿಟ್ಟು ಬೆರಳ ತುದಿಯಲ್ಲಿತ್ತು, ಟೈಪ್ ಮಾಡಿಬಿಟ್ಟೆ: "ನೋಡೇ, ಮತ್ತೆ ಶುರು. ಈಯಮ್ಮನಿಗೆ ಎಷ್ಟು ಕೊಟ್ಟರೂ ಸಾಲದು. ಗಂಡ ಹೋದ ಮೇಲೆ ನಾವೇ ಇವರಿಗೆ ಪೆನ್ಶನ್."

ಯಾರ ಬಗ್ಗೆ ಬೈತೀವೋ ಅವರಿಗೇ ಮೆಸೇಜ್ ಹೋಗೋದು ಸುಮ್ನೆ ಹಣೆಬರಹ ಅಲ್ಲ. ಆ ಹೊತ್ತಿನಲ್ಲಿ ತೆರೆದಿರೋದು ಅವರದೇ ಚಾಟ್. ಮನಸ್ಸಿನಲ್ಲಿರೋದೂ ಅವರದೇ ಹೆಸರು. ಇದು ಮೊದಲೇ ಹೊಳೆದಿದ್ದರೆ ಸ್ಕ್ರೀನ್‌ಶಾಟ್ ತೆಗೆದ ತಕ್ಷಣ ಆ ಚಾಟ್‌ನಿಂದ ಹೊರಗೆ ಬಂದಿರುತ್ತಿದ್ದೆ.

ಗಾಬರಿಯಲ್ಲಿ ಮೊದಲು ಒತ್ತಿದ್ದು Delete for me. ನನ್ನ ಕಣ್ಣಿಂದ ಮರೆಯಾಯಿತು, ಅವರ ಫೋನಿನಲ್ಲಿ ಹಾಗೇ ಇತ್ತು! ಕೆಳಗೆ Undo ಅಂತ ಒಂದು ಪಟ್ಟಿ ಬಂತು. ಅದು ಇರೋದು 5 ಸೆಕೆಂಡ್ ಮಾತ್ರ. ಹೇಗೋ ಒತ್ತಿದೆ, ಮೆಸೇಜು ವಾಪಸ್ ಬಂತು. ಆಮೇಲೆ Delete for everyone ಒತ್ತಿದೆ. ಆ 5 ಸೆಕೆಂಡ್ ತಪ್ಪಿಹೋಗಿದ್ದರೆ ನನ್ನ ಕಡೆಯಿಂದ ಅದನ್ನು ಮುಟ್ಟೋಕೂ ಆಗ್ತಿರಲಿಲ್ಲ.

ಅಳಿಸಿದ ಮೇಲೆ ಸಮಾಧಾನ ಆಯಿತು. ಅದೇ ಮೋಸ. ಮೊದಲು 2017ರಲ್ಲಿ ಈ ಸೌಲಭ್ಯ ಬಂದಾಗ 7 ನಿಮಿಷದ ಒಳಗೆ ಅಳಿಸಬೇಕಿತ್ತು, ಈಗ ಎರಡು ದಿನಕ್ಕೂ ಸ್ವಲ್ಪ ಜಾಸ್ತಿ ಟೈಮ್ ಇದೆ. ಅದರಿಂದ ನಮಗೇನೋ ದೊಡ್ಡ ರಕ್ಷಣೆ ಇದೆ ಅನ್ನಿಸುತ್ತೆ. ಆದರೆ ಬ್ಲೂ ಟಿಕ್ ಬರೋದು ಚಾಟ್ ತೆರೆದರೆ ಮಾತ್ರ. ಫೋನು ಟಣ್ ಅಂದಾಗ ಪರದೆಯ ಮೇಲೆ ಮೆಸೇಜು ಪೂರ್ತಿ ಕಾಣುತ್ತಲ್ಲ, ಅಲ್ಲೇ ಓದಿದರೆ ಟಿಕ್ಕಿಗೆ ಗೊತ್ತೇ ಆಗಲ್ಲ. ನನ್ನದು ಬರೀ ಮೂರು ವಾಕ್ಯ. ಓದೋಕೆ ಎಷ್ಟು ಹೊತ್ತು ಬೇಕು? ಫೋನು ಆಂಟಿಯ ಪಕ್ಕದಲ್ಲೇ, ಮಣೆಯ ಮೇಲೆ ಇತ್ತಂತೆ.

ಅವರು ಆ ಹೊತ್ತಿಗೆ ಫೋನು ನೋಡಿರದಿದ್ದರೆ ಅಳಿಸಿದ್ದಕ್ಕೆ ಫಲ ಇರುತ್ತಿತ್ತು, ಒಪ್ಪುತ್ತೇನೆ. ಹೊರಗೆ ಕಾಣೋ ಸಾಲೂ ಹೋಗಿಬಿಡುತ್ತೆ. ಆದರೂ This message was deleted ಅನ್ನೋ ಗುರುತು ಚಾಟ್‌ನಲ್ಲಿ ಉಳಿದೇ ಉಳಿಯುತ್ತೆ. ಏನೋ ಇತ್ತು, ತೆಗೆದಳು ಅನ್ನೋದನ್ನು ಅದೇ ಹೇಳುತ್ತೆ.

ಆಗ ಗೆಳತಿ ಫೋನಿನಲ್ಲಿ ಹೇಳಿದ ಮಾತು ನೆನೆದರೆ ಈಗಲೂ ಮೈ ಉರಿಯುತ್ತೆ. "ಅಳಿಸಿದ್ದು ಫೋಟೋನೋ ಮೆಸೇಜೋ ಅಂತ ಅವರಿಗೆ ಗೊತ್ತಾಗಲ್ಲ ಕಣೇ. ಆಫೀಸಿಂದೇನೋ ಫೋಟೋ ತಪ್ಪಿ ಬಂತು ಅಂದುಬಿಡು." ಕೇಳಿದೆ. ಕೇಳಿದ್ದು ನಾನೇ, ಅವಳೇನು ಬಲವಂತ ಮಾಡಿರಲಿಲ್ಲ.

ಸಂಜೆ ಕೆಳಗೆ ಹೋದೆ. ಆಂಟಿ ಜಗಲಿ ಮೇಲೆ ಪೇಪರ್ ಹರಡಿಕೊಂಡು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ನಾನು ನಿಂತೇ ಶುರು ಮಾಡಿದೆ, ಆಂಟಿ ಬೆಳಿಗ್ಗೆ ಒಂದು ಫೋಟೋ ತಪ್ಪಿ ನಿಮಗೆ ಬಂತು, ಆಫೀಸಿಂದು, ಅಳಿಸಿದ್ದೀನಿ, ಏನೂ ಅಂದ್ಕೋಬೇಡಿ ಅಂತ. ಅವರು ತಲೆ ಎತ್ತಲಿಲ್ಲ. ಒಂದು ಹಣ್ಣು ಬಗೆದರು, ನಾರು ಎಳೆದರು, ಬೀಜವನ್ನು ಡಬ್ಬಿಗೆ ಹಾಕಿದರು. ಟಕ್ ಅಂತು. ನಾನು ಮಾತು ಮುಂದುವರಿಸಿದೆ, ಯಾವ ಆಫೀಸ್ ಗ್ರೂಪು, ಯಾವ ಫೋಟೋ, ಕೇಳದೇ ಇದ್ದಿದ್ದಕ್ಕೂ ಉತ್ತರ ಕೊಟ್ಟೆ. ಇನ್ನೊಂದು ಬೀಜ. ಟಕ್. ಆಮೇಲೆ ಮೆಲ್ಲಗೆ ಅಂದರು, "ಪೆನ್ಶನ್ ಬರಲ್ಲಮ್ಮ ನಂಗೆ. ಅವರದು ಪ್ರೈವೇಟ್ ಕೆಲಸ."

ಅಷ್ಟೇ. ಜೋರು ಮಾಡಲಿಲ್ಲ. ಮನೆ ಖಾಲಿ ಮಾಡು ಅನ್ನಲಿಲ್ಲ. "ಸ್ವಲ್ಪ ತಗೊಂಡು ಹೋಗು, ಹೊಸ ಹಣ್ಣು" ಅಂತ ಒಂದು ಉಂಡೆ ಕಟ್ಟಿ ಕೈಗಿಟ್ಟರು.

ಓದಿದೆ ಅಂತ ಮೊದಲೇ ಹೇಳಬಹುದಿತ್ತಲ್ವಾ? ನಾನು ಸುಳ್ಳು ಪೂರ್ತಿ ಮುಗಿಸೋ ತನಕ ಕಾದಿದ್ದು ಯಾಕೆ? ಇದನ್ನು ನೆನೆಸಿಕೊಂಡು ರಾತ್ರಿಯೆಲ್ಲಾ ಸಿಟ್ಟು ಬಂತು. ಬೆಳಗಾಗೋ ಹೊತ್ತಿಗೆ ಅದೂ ಹೋಯಿತು. ಅವರು ತಾನೇ ಏನು ಮಾಡಬೇಕಿತ್ತು? ಮೆಸೇಜು ಕಳಿಸಿದ್ದು ಕೈ ತಪ್ಪಿ. ಸುಳ್ಳು ಹೇಳಿದ್ದು ಮೆಟ್ಟಿಲಿಳಿದು ಹೋಗಿ, ಎದುರಿಗೆ ನಿಂತು. ಮೊದಲನೆಯದಕ್ಕೆ ಕ್ಷಮೆ ಸಿಗುತ್ತಿತ್ತೇನೋ.

ಅಳಿಸೋದೇ ತಪ್ಪು ಅಂತ ಹೇಳ್ತಿಲ್ಲ. ಅಳಿಸಬೇಕು, ಇಲ್ಲದಿದ್ದರೆ ಅವರು ಪ್ರತಿ ಸಲ ಚಾಟ್ ತೆರೆದಾಗಲೂ ಅದೇ ಕಣ್ಣಿಗೆ ಬೀಳುತ್ತೆ, ಮಗಳಿಗೆ ಫಾರ್ವರ್ಡ್ ಕೂಡ ಆಗುತ್ತೆ. ಆದರೆ ಅಳಿಸಿದ ಕೂಡಲೇ, ಓದಿದ್ದಾರೆ ಅಂತಲೇ ಇಟ್ಟುಕೊಂಡು, ಫೋನ್ ಮಾಡಬೇಕಿತ್ತು. "ಆಂಟಿ, ನಿಮ್ಮ ಬಗ್ಗೆ ಸಿಟ್ಟಲ್ಲಿ ಬರೆದಿದ್ದು ನಿಮಗೇ ಬಂತು, ತಪ್ಪಾಯಿತು." ಎರಡು ಮಾತು. ಅವರು ಓದಿರದಿದ್ದರೆ? ಸುಮ್ಮನಿದ್ದರೆ ಮುಗಿಯೋದನ್ನು ನಾನೇ ಬಾಯಿಬಿಟ್ಟು ಹೇಳಿದ ಹಾಗೆ ಆಗ್ತಿರಲಿಲ್ವಾ? ಇದಕ್ಕೆ ನನಗೆ ಉತ್ತರ ಸಿಕ್ಕಿಲ್ಲ. ಯಾರಾದರೂ ಹೇಳಿ, ದಯವಿಟ್ಟು. ನೀವಾಗಿದ್ದರೆ ಏನು ಮಾಡ್ತಿದ್ರಿ?

ಇನ್ನು ಆ 500 ರೂಪಾಯಿ. ಐದು ಮನೆ ಇದ್ದೀವಿ, ವಾರಕ್ಕೆ ಎಷ್ಟು ಟ್ಯಾಂಕರ್ ಬರುತ್ತೆ, ಬಿಲ್ಲು ಎಲ್ಲಿ ಅಂತ ಕೇಳೋ ಹಕ್ಕು ನನಗಿತ್ತು. ನ್ಯಾಯವಾದ ಪ್ರಶ್ನೆ ಅದು. ಇನ್ನು ಯಾವ ಮುಖ ಇಟ್ಟುಕೊಂಡು ಕೇಳಲಿ? ಕೇಳದೇ ಕೊಟ್ಟರೆ ತಪ್ಪಿಗೆ ದಂಡ ಕಟ್ಟಿದ ಹಾಗೆ ಕಾಣುತ್ತೆ. ಕೇಳಿದರೆ ಆ ಮೆಸೇಜನ್ನೇ ಇನ್ನೊಮ್ಮೆ ಹೇಳಿದ ಹಾಗೆ.

ನಾಳೆ ಒಂದನೇ ತಾರೀಖು. ಬಾಡಿಗೆ ಯಾವಾಗಲೂ ಫೋನಿನಲ್ಲೇ ಹಾಕ್ತಿದ್ದೆ. ಈ ಸಲ ದುಡ್ಡು ಬಿಡಿಸಿಕೊಂಡು ಬಂದಿದ್ದೇನೆ, 500 ಸೇರಿಸಿ. ಕೆಳಗೆ ಹೋಗಿ ಕೈಗೆ ಕೊಟ್ಟು, ಫೋಟೋ ಅಂದಿದ್ದು ಸುಳ್ಳು ಅಂತ ಹೇಳಬೇಕು. ಹುಣಸೆಹಣ್ಣಿನ ಉಂಡೆ ಇನ್ನೂ ಕಟ್ಟೆ ಮೇಲೇ ಇದೆ. ಸಾರಿಗೆ ಹಾಕೋಕೆ ಕೈ ಬರ್ತಿಲ್ಲ.