ತೂಕ ಸರಿಯಿದೆ, ಕಾಳು ಎಲ್ಲಿ?

ನಮ್ಮ ಸರ್ಕಾರಿ ಗೋದಾಮುಗಳಲ್ಲಿ ದುಡಿಯುವ ಅತ್ಯಂತ ನಿಷ್ಠಾವಂತ ನೌಕರನಿಗೆ ಸಂಬಳವೂ ಇಲ್ಲ, ಪಿಂಚಣಿಯೂ ಇಲ್ಲ. ಆತನ ಹೆಸರು ಮಳೆಗಾಲ. ಬೇಸಿಗೆಯಲ್ಲಿ ಒಳಬಂದ ಧಾನ್ಯ ಎಷ್ಟೇ ಸೋರಿರಲಿ, ಎಷ್ಟೇ ಹುಳು ತಿಂದಿರಲಿ, ಆಷಾಢದ ಗಾಳಿ ಬೀಸುವ ಹೊತ್ತಿಗೆ ದಾಸ್ತಾನು ವಹಿಯ ಲೆಕ್ಕವನ್ನು ಆತ ಸದ್ದಿಲ್ಲದೆ ಸರಿದೂಗಿಸಿರುತ್ತಾನೆ.

ಆತನ ಕೈಚಳಕವನ್ನು ಒಂದು ಚೀಲ ಬಿಳಿಜೋಳದಲ್ಲಿ ನೋಡಬಹುದು. ಮಾರ್ಚಿಯಲ್ಲಿ ಶೇ. 12ರ ತೇವಾಂಶದೊಡನೆ 50 ಕಿಲೊ ತೂಗಿ ಒಳಗೆ ಬಂದ ಆ ಚೀಲದಲ್ಲಿ 6 ಕಿಲೊ ನೀರು, 44 ಕಿಲೊ ನಿಜವಾದ ಜೋಳ ಇರುತ್ತದೆ. ಸೆಣಬಿನ ಚೀಲಕ್ಕೆ ಗಾಳಿಯ ತೇವವನ್ನು ತಡೆಯುವ ಶಕ್ತಿಯಿಲ್ಲವಾದ್ದರಿಂದ ಆಗಸ್ಟ್ ವೇಳೆಗೆ ಕಾಳಿನ ತೇವಾಂಶ ಶೇ. 14ಕ್ಕೆ ಏರಿತೆನ್ನೋಣ. ಒಂದು ಕಾಳೂ ಕಳೆದುಹೋಗದಿದ್ದರೆ ಚೀಲ ಆಗ 51 ಕಿಲೊ 160 ಗ್ರಾಂ ತೂಗಬೇಕು. ಅದು ಮೊದಲಿನಂತೆಯೇ 50 ಕಿಲೊ ತೂಗಿದರೆ, 1 ಕಿಲೊ 160 ಗ್ರಾಂನಷ್ಟು ಜೋಳ ಹೊರಟುಹೋಗಿದೆ ಎಂದೇ ಅರ್ಥ. ಸಾವಿರ ಚೀಲಗಳಿಗೆ ಇದು ಹನ್ನೊಂದೂವರೆ ಕ್ವಿಂಟಲ್ ಮೀರುತ್ತದೆ. ವಹಿಯಲ್ಲಿ ಮಾತ್ರ ‘ನಷ್ಟ: ಇಲ್ಲ’ ಎಂದು ದುಂಡಗೆ ಬರೆದಿರುತ್ತದೆ. ಗೋದಿಯ ನಾಡುಗಳಾದ ಪಂಜಾಬ್, ಹರಿಯಾಣಗಳಿಂದ, ಮಳೆಯನ್ನು ಕಾಯುವ ತಾಳ್ಮೆಯಿಲ್ಲದವರು ಚೀಲಗಳ ಮೇಲೆ ಪೈಪಿನಿಂದಲೇ ನೀರು ಹಾಯಿಸಿದ ಸುದ್ದಿಗಳೂ ಬಂದಿವೆ.

ಕಾಳು ಹೊರಡುವ ದಾರಿಯನ್ನು ಹುಡುಕಲು ತನಿಖಾ ಆಯೋಗ ಬೇಕಿಲ್ಲ. ಚೀಲದ ಮೇಲೆ ‘ಕೊಕ್ಕೆ ಬಳಸಬೇಡಿ’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ಕೊಕ್ಕೆಯ ತೂತು ಬಹಳಷ್ಟು ಸಲ ಆ ಅಕ್ಷರಗಳ ನಡುವೆಯೇ ಇರುತ್ತದೆ. ಹಮಾಲರನ್ನು ಬಯ್ದು ಪ್ರಯೋಜನವಿಲ್ಲ. ಚೀಲಕ್ಕಿಷ್ಟು ಎಂದು ಕೂಲಿ ಕೊಟ್ಟು, ಸಂಜೆಯೊಳಗೆ ಲಾರಿ ಖಾಲಿಯಾಗಬೇಕೆಂದು ಅವಸರಪಡಿಸುವವರು ಕೊಕ್ಕೆಯನ್ನು ತಾವೇ ಕೈಗೆ ಕೊಟ್ಟಂತೆ. ಇಬ್ಬರು ಸೇರಿ ಎತ್ತುವುದಕ್ಕೆ ಒಪ್ಪುವಷ್ಟು ಕೂಲಿ, ಒಂದೆರಡು ಕೈಗಾಡಿ, ಹರಿದ ಚೀಲವನ್ನು, ಚೀಲಗಳನ್ನು ಒಂದರ ಮೇಲೊಂದು ಪೇರಿಸಿದ ಲಾಟಿಗೆ ಏರಿಸುವ ಮೊದಲೇ ಹೊಲಿಯಲು ದಬ್ಬಣ ಮತ್ತು ಹುರಿ: ಇಷ್ಟರಲ್ಲಿ ಸೋರಿಕೆಯ ದೊಡ್ಡ ಪಾಲು ನಿಲ್ಲುತ್ತದೆ. ಈಗಿನ ಪದ್ಧತಿಯಲ್ಲಿ ನೆಲಕ್ಕೆ ಚೆಲ್ಲಿದ್ದನ್ನು ಧೂಳಿನೊಡನೆ ಗುಡಿಸಿ, ಅದರಲ್ಲಿದ್ದ ಹುಳುಗಳ ಸಮೇತ, ಮತ್ತೆ ಚೀಲಕ್ಕೆ ತುಂಬಲಾಗುತ್ತದೆ.

ಹುಳುಗಳೂ ವಹಿಗೆ ಸಹಕರಿಸುತ್ತವೆ. ಮೂತಿಹುಳು ಕಾಳಿಗೆ ರಂಧ್ರ ಕೊರೆದು, ಮೊಟ್ಟೆಯಿಟ್ಟು, ಮೇಲೆ ಮುಚ್ಚಿಬಿಡುವುದರಿಂದ ಮರಿ ಒಳಗೊಳಗೇ ತಿನ್ನುವುದು ಕಣ್ಣಿಗೆ ಕಾಣುವುದಿಲ್ಲ. ತಿಂದುಳಿದ ಹಿಟ್ಟು, ಹಿಕ್ಕೆ, ಸತ್ತ ಹುಳು ಎಲ್ಲವೂ ಚೀಲದಲ್ಲೇ ಉಳಿದು ತಕ್ಕಡಿಗೆ ಗೌರವ ಸಲ್ಲಿಸುತ್ತವೆ. ಸಾಲದ್ದಕ್ಕೆ, ಹುಳುಗಳ ಉಸಿರಾಟದಿಂದ ಕಾಳು ಬಿಸಿಯಾಗಿ, ತೇವ ಹೆಚ್ಚಿ, ಬೂಷ್ಟಿಗೂ ಜಾಗವಾಗುತ್ತದೆ. ಲಾಟಿನ ನಡುವೆ ಕೈ ತೂರಿಸಿದಾಗ ಬೆಚ್ಚಗೆ ತಾಗಿದರೆ, ಕೆಳಗಿನ ಚೀಲದ ಮೇಲೆ ಹಿಟ್ಟು ಉದುರಿದ್ದರೆ, ಜರಡಿ ಹಿಡಿಯದೆಯೇ ವಿಷಯ ತಿಳಿಯುತ್ತದೆ.

ಇದಕ್ಕೆ ಔಷಧವಿಲ್ಲವೆಂದಲ್ಲ. ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಗಳನ್ನಿಟ್ಟು, ಲಾಟಿಗೆ ಹೊದಿಕೆ ಹಾಕಿ, ಅಂಚಿನ ಸುತ್ತ ಮರಳುಚೀಲ ಒತ್ತಿ, ಸುಮಾರು ಒಂದು ವಾರ ವಿಷಾನಿಲವನ್ನು ಒಳಗೇ ಹಿಡಿದಿಡಬೇಕು. ಆದರೆ ಹೊದಿಕೆಯಲ್ಲೂ ಕೊಕ್ಕೆಯ ತೂತುಗಳಿದ್ದರೆ ಅನಿಲ ಹೊರಹೋಗುತ್ತದೆ, ದುರ್ಬಲ ಹುಳುಗಳು ಸಾಯುತ್ತವೆ, ತಾಳಿಕೊಂಡವು ಮುಂದಿನ ಪೀಳಿಗೆಯನ್ನು ಬೆಳೆಸುತ್ತವೆ. (ಈ ಮಾತ್ರೆ ಮನುಷ್ಯರನ್ನೂ ಕೊಲ್ಲುತ್ತದೆ, ಮನೆಯ ಕಾಳಿಗೆ ಇದನ್ನು ಇಡಲೇಬಾರದು.)

ವಿಷವಿಲ್ಲದೆ ಇದೇ ಕೆಲಸವನ್ನು ಮಾಡುತ್ತಿದ್ದ, ನೆಲದೊಳಗಿನ ಕಣಜವಾದ ಹಗೇವನ್ನು ನಾವು ಹಿಂದುಳಿದದ್ದೆಂದು ಮುಚ್ಚಿದ್ದೇವೆ. ಅದರೊಳಗೆ ಉಸಿರಾಟದಿಂದಲೇ ಆಮ್ಲಜನಕ ತೀರಿ ಹುಳು ಸಾಯುತ್ತಿತ್ತು. ಆದ್ದರಿಂದಲೇ ಇಳಿಯುವ ಮುನ್ನ ದೀಪ ಬಿಟ್ಟು ನೋಡುತ್ತಿದ್ದರು. ಇಂದಿನ ಗಾಳಿಯಾಡದ ಮೂರು ಪದರದ ಚೀಲ ನಡೆಸುವುದೂ ಅದೇ ಉಪಾಯವನ್ನು. ಆದರೆ ಕಾಳು ಮೊದಲೇ ಚೆನ್ನಾಗಿ ಒಣಗಿರಬೇಕು, ಇಲ್ಲವಾದರೆ ಬೂಷ್ಟು ಹಿಡಿಯುತ್ತದೆ. ತೇವಾಂಶ ಅಳೆಯುವ ಯಂತ್ರವಿಲ್ಲದವರು ಒಣ ಗಾಜಿನ ಬಾಟಲಿಯಲ್ಲಿ ಕಾಳಿನೊಡನೆ ಒಣಗಿಸಿದ ಉಪ್ಪು ಹಾಕಿ ಕುಲುಕಿ, ಸ್ವಲ್ಪ ಹೊತ್ತು ಬಿಟ್ಟು ನೋಡಬಹುದು. ಉಪ್ಪು ಗಾಜಿಗೆ ಅಂಟಿಕೊಂಡರೆ ತೇವಾಂಶ ಶೇ. 15ಕ್ಕಿಂತ ಹೆಚ್ಚಿದೆ, ಇನ್ನೂ ಬಿಸಿಲಿಗೆ ಹರವಬೇಕು. ಅಂಟದಿದ್ದರೂ ಶೇ. 12ಕ್ಕೆ ಇಳಿದಿದೆ ಎಂಬ ಭರವಸೆಯಿಲ್ಲ, ಆದ್ದರಿಂದ ಇನ್ನಷ್ಟು ಒಣಗಿಸುವುದೇ ಲೇಸು.

ಗೋದಾಮಿಗೆ ಬಾಟಲಿಯ ಅಗತ್ಯವಿಲ್ಲ, ತೇವಮಾಪಕವೇ ಇದೆ. ಖರೀದಿ ಕೇಂದ್ರದಲ್ಲಿ ರೈತನ ಕಾಳು ಮಿತಿಗಿಂತ ಕೂದಲೆಳೆಯಷ್ಟು ಹಸಿಯಿದ್ದರೂ ಕಂಡುಹಿಡಿದು ಗಾಡಿಯನ್ನು ಹಿಂದಕ್ಕೆ ಕಳಿಸುವ ಈ ಯಂತ್ರ, ಕಾಳು ಸರ್ಕಾರದ್ದಾದ ಮರುಕ್ಷಣವೇ ಬೀರುವಿನಲ್ಲಿ ವಿಶ್ರಾಂತಿ ಪಡೆಯುತ್ತದೆ. ಅದನ್ನು ಹೊರತೆಗೆದು, ಚೀಲ ಒಳಬರುವಾಗಲೂ ಹೊರಹೋಗುವಾಗಲೂ ತೂಕದ ಪಕ್ಕದಲ್ಲಿ ತೇವಾಂಶವನ್ನೂ ಬರೆದರೆ ನೀರನ್ನು ಕಳೆದು ನಿಜವಾದ ಕೊರತೆ ಎಷ್ಟೆಂದು ಮೂರನೆಯ ತರಗತಿಯ ಲೆಕ್ಕದಲ್ಲೇ ಸಿಗುತ್ತದೆ. ಇದಕ್ಕೆ ಬರುವ ಉತ್ತರ ಮಾತ್ರ ಅತ್ಯಂತ ವಿನಯದ್ದು: ಅಚ್ಚಾಗಿ ಬಂದಿರುವ ವಹಿಯಲ್ಲಿ ಅಂಥ ಕಲಂ ಇಲ್ಲ, ಮತ್ತು ಹಳೆಯ ವಹಿಗಳು ಮುಗಿಯುವವರೆಗೆ ಹೊಸದನ್ನು ಅಚ್ಚು ಹಾಕಿಸಲು ಅವಕಾಶವಿಲ್ಲ.