ಸ್ಪಷ್ಟನೆ: ರೆಸ್ಯೂಮೆಯಲ್ಲಿನ ‘ಎಕ್ಸೆಲ್ 85%’ ಏನನ್ನು ಹೇಳುತ್ತದೆ?

“ಕೌಶಲಗಳ ಮುಂದೆ ನಕ್ಷತ್ರ ಅಥವಾ ಶೇಕಡಾವಾರು ಹಾಕಿದರೆ ಎಚ್‌ಆರ್‌ನವರಿಗೆ ಒಂದೇ ನೋಟಕ್ಕೆ ನಮ್ಮ ಮಟ್ಟ ತಿಳಿಯುತ್ತದೆ.”

ತಿಳಿಯುವುದಿಲ್ಲ, ಏಕೆಂದರೆ 85ಕ್ಕೆ ಅರ್ಥ ಬರಬೇಕಾದರೆ 100 ಎಂದರೆ ಏನೆಂಬುದು ಮೊದಲು ಗೊತ್ತಿರಬೇಕು, ಅದನ್ನು ಯಾವ ರೆಸ್ಯೂಮೆಯೂ ಹೇಳುವುದಿಲ್ಲ. ಪೀಣ್ಯದ ಕಾರ್ಖಾನೆಯೊಂದರ ಲೆಕ್ಕಪತ್ರ ಸಹಾಯಕರ ಹುದ್ದೆಗೆ ಇಬ್ಬರು ಅರ್ಜಿ ಹಾಕಿದ್ದಾರೆ ಎಂದುಕೊಳ್ಳೋಣ. VLOOKUP ಅಷ್ಟೇ ಕಲಿತವರು ಎಕ್ಸೆಲ್‌ಗೆ ಐದು ನಕ್ಷತ್ರ ಕೊಟ್ಟುಕೊಳ್ಳುತ್ತಾರೆ. ಮ್ಯಾಕ್ರೊ ಬರೆಯಬಲ್ಲವರು, ತಮಗೆ ಬಾರದಿರುವುದು ಎಷ್ಟಿದೆ ಎಂದು ಬಲ್ಲವರಾದ್ದರಿಂದ, ಮೂರಕ್ಕೇ ನಿಲ್ಲುತ್ತಾರೆ. ಓದುವವರ ಕಣ್ಣಿಗೆ ಮೊದಲನೆಯವರೇ ಮೇಲು.

ಅದರ ಬದಲು ಮಾಡಿದ ಕೆಲಸವನ್ನೇ ಬರೆಯಬೇಕು: “ಪ್ರತಿ ತಿಂಗಳು ಸುಮಾರು 400 ಖರೀದಿ ಬಿಲ್‌ಗಳನ್ನು ಎಕ್ಸೆಲ್‌ನಲ್ಲಿ GSTR-2B ಜೊತೆ ತಾಳೆ ನೋಡಿ, ಹೊಂದದವುಗಳ ಪಟ್ಟಿಯನ್ನು ಸರಬರಾಜುದಾರರಿಗೆ ಕಳುಹಿಸುತ್ತಿದ್ದೆ.” ಇದರ ಮೇಲೆ ಸಂದರ್ಶಕರು ಪ್ರಶ್ನೆ ಕೇಳಬಹುದು, ನಾಲ್ಕು ನಕ್ಷತ್ರದ ಮೇಲೆ ಏನು ಕೇಳಿಯಾರು? ಸೀನಿಯರ್ ಗ್ರೇಡ್ ಟೈಪಿಂಗ್‌ನಂತಹ ಪರೀಕ್ಷೆಯ ಫಲಿತಾಂಶದ ಮಾತು ಬೇರೆ, ಅಲ್ಲಿ ಅಳೆದವರು ಬೇರೆಯವರು.

ಕೌಶಲದ ಮಟ್ಟ ತೋರಿಸಲು ಚಿತ್ರವಾಗಿ ಸೇರಿಸಿದ ಬಣ್ಣದ ಪಟ್ಟಿಗಳನ್ನು ಅರ್ಜಿ ಸೋಸುವ ಸಾಫ್ಟ್‌ವೇರ್ ಸಾಮಾನ್ಯವಾಗಿ ಓದುವುದೂ ಇಲ್ಲ. ಪಿಡಿಎಫ್‌ನ ಪಠ್ಯವನ್ನೆಲ್ಲ ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ ನೋಡಿ: ‘ಎಕ್ಸೆಲ್’ ಎಂಬ ಪದ ಉಳಿದಿರುತ್ತದೆ, ಅದರ ಮುಂದಿನ ಬಣ್ಣದ ಪಟ್ಟಿ ಇರುವುದಿಲ್ಲ.